ಮೊದಲ ಸರದಿಯ ಎಕ್ಕ-ಗುಲಾಮ: ಪೋಕರ್ ಮೇಜಿಗೆ ಹೊಸದಾಗಿ ಕೂರುವವರಿಗೆ ಒಂದು ಎಚ್ಚರಿಕೆ

ಕಳೆದ ಚಳಿಗಾಲದಲ್ಲಿ ಪಣಜಿಯ ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗೊಂದರಲ್ಲಿ ಒಂದೇ ಆಟದಲ್ಲಿ 10,300 ರೂಪಾಯಿ ಕಳೆದುಕೊಂಡೆ. ಕೈಯಲ್ಲಿ ಕೆಟ್ಟ ಎಲೆ ಇತ್ತೆಂದು ಅಲ್ಲ, ಯಾರೋ ಮೋಸ ಮಾಡಿದರೆಂದೂ ಅಲ್ಲ. ಆ ಎಲೆಗಳನ್ನು ಯಾವ ಜಾಗದಲ್ಲಿ ಕೂತು ಆಡುತ್ತಿದ್ದೇನೆ ಎಂಬುದು ನನಗೆ ತಿಳಿದಿರಲಿಲ್ಲ. ಆ ರಾತ್ರಿ ಅದೇ ಎಲೆಗಳು ಎರಡು ಸಲ ಬಂದವು, ಎರಡು ಸಲವೂ ತಪ್ಪು ಮಾಡಿದೆ. ಹೊಸದಾಗಿ ಕಲಿಯುತ್ತಿರುವವರು ಇದೇ ಹಳ್ಳಕ್ಕೆ ಬೀಳಬಾರದೆಂದು ನಡೆದದ್ದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಊರಿನಲ್ಲಿ ಹಬ್ಬಕ್ಕೆ ರಮ್ಮಿ ಆಡಿ ಬೆಳೆದವನು ನಾನು. ಅಲ್ಲಿ ನಮ್ಮ ಗಮನವೆಲ್ಲ ಕೈಯಲ್ಲಿರುವ ಎಲೆಗಳ ಮೇಲೆಯೇ. ಪೋಕರಿನ ನಿಯಮ ಕಲಿಸಿದ ಸ್ನೇಹಿತನೂ ‘ಎಕ್ಕದ ಜೊತೆ ಚಿತ್ರದ ಎಲೆ ಬಂದರೆ ಏರಿಸು’ ಎಂದಷ್ಟೇ ಹೇಳಿದ್ದ. ಯಾವ ಸರದಿಯಲ್ಲಿ ಏರಿಸಬೇಕು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೇಜಿನಲ್ಲಿ ಒಂಬತ್ತು ಜನರಿದ್ದೆವು. ಆಡುತ್ತಿದ್ದದ್ದು ಟೆಕ್ಸಾಸ್ ಹೋಲ್ಡೆಮ್, ಅಂದರೆ ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್. ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಹಣದಲ್ಲಿ ಸ್ಮಾಲ್ ಬ್ಲೈಂಡ್ 100 ರೂಪಾಯಿ, ಬಿಗ್ ಬ್ಲೈಂಡ್ 200. ನನ್ನ ಮುಂದೆ 20,000 ರೂಪಾಯಿಯ ಚಿಪ್ಸ್ ಇದ್ದವು. ಡೀಲರ್ ಬಟನ್ ಎಂಬ ಬಿಳಿ ಬಿಲ್ಲೆ ಪ್ರತಿ ಆಟಕ್ಕೂ ಒಬ್ಬರಿಂದ ಅವರ ಎಡಗಡೆಯವರಿಗೆ ಸರಿಯುತ್ತದೆ. ನೀವು ಕೂತ ಕುರ್ಚಿ ಬದಲಾಗುವುದಿಲ್ಲ, ಆದರೆ ಬಟನ್ ಸರಿದಂತೆಲ್ಲ ನಿಮ್ಮ ಸ್ಥಾನ ಬದಲಾಗುತ್ತದೆ. ನಾನು ಗೋಡೆ ಬದಿಯ ಕುರ್ಚಿಯನ್ನು ‘ಒಳ್ಳೆಯ ಜಾಗ’ ಎಂದು ಆರಿಸಿಕೊಂಡಿದ್ದೆ. ಅಂಥದ್ದೊಂದು ಜಾಗವೇ ಇಲ್ಲ ಎಂಬುದು ಆಗ ತಿಳಿದಿರಲಿಲ್ಲ.

ಬಟನ್ ಇರುವವರ ಎಡಕ್ಕೆ ಸ್ಮಾಲ್ ಬ್ಲೈಂಡ್, ಅವರ ಎಡಕ್ಕೆ ಬಿಗ್ ಬ್ಲೈಂಡ್, ಅವರ ಎಡಕ್ಕೆ ಕೂತವರೇ ಮೊದಲು ನಿರ್ಧಾರ ಮಾಡಬೇಕು. ಈ ಸ್ಥಾನವನ್ನು ಆಟಗಾರರು ‘ಅಂಡರ್ ದ ಗನ್’ ಎನ್ನುತ್ತಾರೆ. ಆ ಆಟದಲ್ಲಿ ಅಲ್ಲಿ ಕೂತವನು ನಾನು. ಕೈಗೆ ಬಂದದ್ದು ಇಸ್ಪೀಟಿನ ಎಕ್ಕ ಮತ್ತು ಡೈಮಂಡಿನ ಗುಲಾಮ. ಹಿಂದೆ ಮುಂದೆ ಯೋಚಿಸದೆ 600ಕ್ಕೆ ಏರಿಸಿದೆ. ಬಟನ್ ಮೇಲಿದ್ದ ಹಿರಿಯರೊಬ್ಬರು ಅಷ್ಟನ್ನೇ ಇಟ್ಟು ಕಾಲ್ ಮಾಡಿದರು, ಬಿಗ್ ಬ್ಲೈಂಡಿನವನೂ ಕಾಲ್ ಮಾಡಿದ. ಉಳಿದವರು ಎಲೆ ಕೆಳಗಿಟ್ಟರು. ಎಲ್ಲರೂ ಇಟ್ಟ ಹಣ, ಅಂದರೆ ಪಾಟ್, 1,900 ಆಯಿತು.

ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆಗಳು, ಅಂದರೆ ಫ್ಲಾಪ್: ಎಕ್ಕ, ಎಂಟು, ಐದು, ಮೂರೂ ಬೇರೆ ಬೇರೆ ಬಣ್ಣ, ಅಂದರೆ ಇಸ್ಪೀಟು, ಡೈಮಂಡಿನಂಥ ಬೇರೆ ಬೇರೆ ಜಾತಿ. ಎಕ್ಕದ ಜೋಡಿ ಸಿಕ್ಕಿತೆಂದು ನನಗೆ ಸಂತೋಷವೋ ಸಂತೋಷ. ಬಿಗ್ ಬ್ಲೈಂಡಿನವನು ಏನೂ ಇಡದೆ ಚೆಕ್ ಮಾಡಿದ, ನಾನು 1,200 ಇಟ್ಟೆ. ಬಟನ್ ಮೇಲಿದ್ದವರು ಒಂದು ಮಾತೂ ಆಡದೆ ಕಾಲ್ ಮಾಡಿದರು. ಬಿಗ್ ಬ್ಲೈಂಡಿನವನು ಎಲೆ ಬಿಟ್ಟ. ಪಾಟ್ 4,300 ಆಯಿತು.

ನಾಲ್ಕನೆಯ ಎಲೆಯಾದ ಟರ್ನಿನಲ್ಲಿ ಒಂಬತ್ತು ಬಂತು. ಮತ್ತೆ ಮೊದಲು ನಾನೇ ಆಡಬೇಕು. ನನ್ನ ಹೊಟ್ಟೆಯಲ್ಲಿ ತಳಮಳ ಶುರುವಾದದ್ದು ಇಲ್ಲಿಂದ. ಚೆಕ್ ಮಾಡಿದರೆ ದುರ್ಬಲನೆಂದು ತಿಳಿದು ಅವರು ದೊಡ್ಡ ಬಾಜಿ ಕಟ್ಟಬಹುದು. ನಾನೇ ಕಟ್ಟಿದರೆ ನನಗಿಂತ ಕೆಳಗಿನ ಎಲೆ ಇರುವವರು ಬಿಟ್ಟು ಹೋಗಿ, ಮೇಲಿನ ಎಲೆ ಇರುವವರು ಮಾತ್ರ ಉಳಿಯುತ್ತಾರೆ. ಯಾವುದನ್ನು ಮಾಡಿದರೂ ಅವರು ಅದನ್ನು ನೋಡಿ ತೀರ್ಮಾನಿಸುತ್ತಾರೆ, ನನಗೆ ನೋಡಲು ಏನೂ ಇಲ್ಲ. ಕೊನೆಗೆ 2,500 ಇಟ್ಟೆ. ಅವರು ಮತ್ತೆ ಕಾಲ್ ಮಾಡಿದರು. ಪಾಟ್ 9,300.

ಕೊನೆಯ ಎಲೆಯಾದ ರಿವರಿನಲ್ಲಿ ಎರಡು ಬಂತು, ಯಾರಿಗೂ ಉಪಯೋಗವಿಲ್ಲದ ಎಲೆ. ಚೆಕ್ ಮಾಡಿದೆ. ಅವರು 6,000 ಇಟ್ಟರು. ಎಕ್ಕದ ಜೋಡಿಯನ್ನು ಕೈಬಿಡಲು ಮನಸ್ಸು ಬಾರದೆ ನಾನೂ ಇಟ್ಟೆ. ಅವರು ತೋರಿಸಿದ್ದು ಎಕ್ಕ ಮತ್ತು ರಾಣಿ. ಇಬ್ಬರದೂ ಎಕ್ಕದ ಜೋಡಿ, ಆದರೆ ಪಕ್ಕದ ಎಲೆಯಾಗಿ, ಅಂದರೆ ಕಿಕರ್ ಆಗಿ, ಗುಲಾಮನಿಗಿಂತ ರಾಣಿ ದೊಡ್ಡದು. 600, 1,200, 2,500, 6,000: ಎಲ್ಲ ಸೇರಿ 10,300 ರೂಪಾಯಿ ಆ ಕಡೆಗೆ ಹೋಯಿತು.

ಆ ಹಿರಿಯರು ಬೆಳಗಾವಿ ಕಡೆಯವರು, ನಾನು ಕನ್ನಡದವನೆಂದು ಗೊತ್ತಾದ ಮೇಲೆ ಊಟದ ಬಿಡುವಿನಲ್ಲಿ ಮಾತಿಗೆ ಸಿಕ್ಕರು. ‘ನೀವು ಏರಿಸಿದಾಗ ನಿಮ್ಮ ನಂತರ ಆಡಬೇಕಾದವರು ಎಷ್ಟು ಜನ ಇದ್ದರು?’ ಎಂದು ಕೇಳಿದರು. ‘ಗಮನಿಸಲಿಲ್ಲ ಸರ್’ ಎಂದೆ. ‘ಎಂಟು ಜನ. ಎಂಟು ಜನರ ಎದುರು ನೀವು ಏರಿಸಿದ್ದೀರಿ, ನನ್ನ ನಂತರ ಆಡಬೇಕಾದವರು ಇಬ್ಬರೇ’ ಎಂದರು.

ಆ ಮಾತಿನ ತೂಕ ಅರ್ಥವಾದದ್ದು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ. ನನ್ನ ಕೈಯಲ್ಲಿ ಒಂದು ಎಕ್ಕ, ಒಂದು ಗುಲಾಮ ಇದ್ದಾಗ ಉಳಿದ 50 ಎಲೆಗಳಿಂದ 1,225 ಬಗೆಯ ಜೋಡಿ ಎಲೆಗಳು ಇನ್ನೊಬ್ಬರಿಗೆ ಬರಬಹುದು. ಅದರಲ್ಲಿ ನನ್ನ ಎಲೆಗಳನ್ನು ಚೆನ್ನಾಗಿ ಹಿಂದೆ ಹಾಕುವಂಥವು ಎರಡು ಎಕ್ಕ, ಎರಡು ರಾಜ, ಎರಡು ರಾಣಿ, ಎರಡು ಗುಲಾಮ, ಎಕ್ಕ-ರಾಜ, ಎಕ್ಕ-ರಾಣಿ. ಎಣಿಸಿದರೆ 42 ಬಗೆ. ಒಬ್ಬ ಎದುರಾಳಿಯ ಬಳಿ ಇವುಗಳಲ್ಲೊಂದು ಇರುವ ಸಂಭವ ನೂರಕ್ಕೆ ಮೂರೂವರೆಯಷ್ಟು, ಭಯಪಡುವಂಥದ್ದೇನಲ್ಲ. ಆದರೆ ಎಂಟು ಜನ ಬಾಕಿ ಇರುವಾಗ ಅವರಲ್ಲಿ ಒಬ್ಬರ ಬಳಿಯಾದರೂ ಇರುವ ಸಂಭವ ಸುಮಾರು ನೂರಕ್ಕೆ 24, ಅಂದರೆ ಹತ್ತಿರ ಹತ್ತಿರ ನಾಲ್ಕು ಸಲಕ್ಕೆ ಒಂದು ಸಲ. ಬಟನ್ ಮೇಲೆ ಕೂತು, ನಿಮಗಿಂತ ಮೊದಲಿನವರೆಲ್ಲ ಎಲೆ ಬಿಟ್ಟು, ಇಬ್ಬರು ಬ್ಲೈಂಡಿನವರು ಮಾತ್ರ ಉಳಿದಾಗ ಅದೇ ಸಂಭವ ನೂರಕ್ಕೆ ಏಳರಷ್ಟೂ ಇಲ್ಲ. ಎಲೆ ಅದೇ, ಅಪಾಯ ಮೂರೂವರೆ ಪಟ್ಟು ಬೇರೆ.

ಇದು ಅರ್ಧ ಕಥೆ ಮಾತ್ರ. ಇನ್ನರ್ಧ ನನ್ನ ಟರ್ನಿನ ತಳಮಳದಲ್ಲಿದೆ. ಫ್ಲಾಪಿನ ನಂತರ ಬಟನ್ ಮೇಲಿರುವವರು ಪ್ರತಿ ಸುತ್ತಿನಲ್ಲೂ ಕೊನೆಗೆ ಆಡುತ್ತಾರೆ. ನಾನು ಅವರ ಜಾಗದಲ್ಲಿ ಎಕ್ಕ-ಗುಲಾಮ ಹಿಡಿದು ಕೂತಿದ್ದೆನೆಂದುಕೊಳ್ಳಿ. 500ಕ್ಕೆ ಏರಿಸುತ್ತೇನೆ, ಬಿಗ್ ಬ್ಲೈಂಡಿನವನೊಬ್ಬನೇ ಕಾಲ್ ಮಾಡುತ್ತಾನೆ, ಪಾಟ್ 1,100. ಅದೇ ಫ್ಲಾಪ್ ಬರುತ್ತದೆ. ಅವನು ಚೆಕ್ ಮಾಡಿದರೆ 600 ಇಡುತ್ತೇನೆ, ಅವನು ಕಾಲ್ ಮಾಡುತ್ತಾನೆ. ಟರ್ನಿನಲ್ಲಿ ಅವನು ಮತ್ತೆ ಚೆಕ್ ಮಾಡಿದರೆ ನಾನೂ ಚೆಕ್ ಮಾಡಬಹುದು. ಸುತ್ತು ಅಲ್ಲಿಗೇ ಮುಗಿಯುತ್ತದೆ, ಒಂದು ಪೈಸೆ ಇಡದೆ ರಿವರ್ ನೋಡುತ್ತೇನೆ. ಒಂದೇ ಜೋಡಿ ಇರುವವನಿಗೆ ಬೇಕಾದದ್ದು ಇದೇ, ಪಾಟನ್ನು ಚಿಕ್ಕದಾಗಿ ಇಡುವ ಅಧಿಕಾರ. ಮೊದಲು ಆಡುವವನಿಗೆ ಆ ಅಧಿಕಾರವಿಲ್ಲ. ನಾನು ಚೆಕ್ ಮಾಡಿದರೂ ಸುತ್ತು ಮುಗಿಯುವುದಿಲ್ಲ, ಹಿಂದೆ ಕೂತವರು ಬಾಜಿ ಕಟ್ಟಿ ಬೆಲೆ ನಿಗದಿ ಮಾಡುತ್ತಾರೆ. ಹಡಗಿನಲ್ಲಿ ಪ್ರತಿ ಸುತ್ತಿನಲ್ಲೂ ನಾನು ಹಣ ತೆತ್ತದ್ದು ಈ ಕಾರಣಕ್ಕೆ.

ಈಗ ಆ ರಾತ್ರಿಯ ಎರಡನೆಯ ತಪ್ಪು. ನನ್ನಂಥ ಹೊಸಬರು ಹೆಚ್ಚಾಗಿ ಮಾಡುವುದು ಇದನ್ನೇ ಎಂದು ನನ್ನ ಭಾವನೆ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಲ್ಲ, ಹಾಗೆ ನಾನು ಎಕ್ಕ-ಗುಲಾಮ ಎಂದರೇ ಹೆದರತೊಡಗಿದ್ದೆ. ಊಟವಾದ ಮೇಲೆ ಸುಮಾರು ಒಂದು ಗಂಟೆಯಲ್ಲಿ ಅದೇ ಜೋಡಿ ಮತ್ತೆ ಬಂತು. ಈ ಸಲ ಬಟನ್ ನನ್ನ ಮುಂದೆಯೇ ಇತ್ತು, ನನಗಿಂತ ಮೊದಲಿನ ಆರೂ ಜನ ಎಲೆ ಬಿಟ್ಟಿದ್ದರು. ನಾನೂ ಬಿಟ್ಟುಬಿಟ್ಟೆ! ಬ್ಲೈಂಡಿನ ಇಬ್ಬರೂ ಕಡಿಮೆ ಹಣದಲ್ಲಿ ಆಡಿ, ಕೊನೆಗೆ ಎಕ್ಕ-ನಾಲ್ಕು ಇದ್ದವನು ಎಕ್ಕದ ಜೋಡಿಯಿಂದ ಗೆದ್ದ. ಅವನ ಕಿಕರಿಗಿಂತ ನನ್ನದು ಬಹಳ ಮೇಲಿತ್ತು. ಹಾಗೆಂದು ನಾನು ಗೆಲ್ಲುತ್ತಿದ್ದೆನೆಂಬ ಕಾರಣಕ್ಕೆ ಅದನ್ನು ತಪ್ಪೆನ್ನುತ್ತಿಲ್ಲ. ಅವನ ಕೈಯಲ್ಲಿ ಎರಡು ರಾಜ ಇದ್ದಿದ್ದರೂ ಅಲ್ಲಿ ಎಲೆ ಬಿಟ್ಟದ್ದು ತಪ್ಪೇ ಆಗುತ್ತಿತ್ತು. ಇಬ್ಬರೇ ಎದುರಾಳಿಗಳು, ಕೊನೆಯ ಸರದಿ ನನ್ನದು. ಅಂಥ ಜಾಗದಲ್ಲಿ ಏರಿಸದಿದ್ದರೆ ಆ ಎಲೆಯನ್ನು ಇನ್ನೆಲ್ಲಿ ಆಡುವುದು? ಒಂದು ಆಟದ ಫಲಿತಾಂಶ ನೋಡಿ ಎಲೆಯ ಮೇಲೆ ತೀರ್ಪು ಕೊಡಬೇಡಿ.

ಬ್ಲೈಂಡ್ ಸ್ಥಾನಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಅವು ಕಣ್ಣು ಕಟ್ಟುತ್ತವೆ. ಫ್ಲಾಪಿಗೆ ಮೊದಲು ಅವರು ಕೊನೆಗೆ ಆಡುವುದರಿಂದ ಒಳ್ಳೆಯ ಸ್ಥಾನದಂತೆ ಕಾಣುತ್ತದೆ. ಫ್ಲಾಪ್ ಬಿದ್ದ ಕ್ಷಣದಿಂದ ಉಳಿದ ಮೂರು ಸುತ್ತುಗಳಲ್ಲೂ ಮೊದಲು ಬಾಯಿ ಬಿಡಬೇಕಾದವರು ಅವರೇ. ‘ಹೇಗೂ 100 ಇಟ್ಟಾಗಿದೆ, ಇನ್ನಷ್ಟು ಹಾಕಿ ನೋಡೋಣ’ ಎಂದು ಸ್ಮಾಲ್ ಬ್ಲೈಂಡಿನಿಂದ ರಾಜ-ಒಂಬತ್ತು ಥರದ ಎಲೆಗಳನ್ನು ಹಿಡಿದು ಕೂತು ಅದೇ ರಾತ್ರಿ ಇನ್ನೂ ಸುಮಾರು ಎರಡು ಸಾವಿರ ಕಳೆದೆ. ಇಟ್ಟ ಹಣ ಪಾಟಿನದು, ನಮ್ಮದಲ್ಲ.

ಈಗ ಹಣವಿಲ್ಲದೆ ಬರೀ ಚಿಪ್ಸ್ ಇಟ್ಟು ಸ್ನೇಹಿತರ ಜೊತೆ ಮನೆಯಲ್ಲಿ ಆಡುತ್ತೇನೆ. ಒಂಬತ್ತು ಜನರಿದ್ದಾಗ ಮೊದಲ ಸರದಿಯಲ್ಲಿ ಬೇರೆ ಬೇರೆ ಬಣ್ಣದ ಎಕ್ಕ-ಗುಲಾಮ ಬಂದರೆ ಎಲೆ ಕೆಳಗಿಡುತ್ತೇನೆ. ಎಕ್ಕ-ರಾಜ ಬಂದರೆ ಏರಿಸುತ್ತೇನೆ, ಒಂದೇ ಬಣ್ಣದ ಎಕ್ಕ-ರಾಣಿ ಬಂದರೂ ಏರಿಸುತ್ತೇನೆ. ಆರೇ ಜನ ಆಡುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಮೊದಲಿಗನ ನಂತರ ಐದೇ ಜನ, ನಾನು ಹೇಳಿದ ಅಪಾಯ ನೂರಕ್ಕೆ 16ಕ್ಕೆ ಇಳಿಯುತ್ತದೆ, ಎಕ್ಕ-ಗುಲಾಮ ಆಡಬಹುದಾದ ಎಲೆಯಾಗುತ್ತದೆ. ಬಟನ್ ಮೇಲಿದ್ದೇನೆಂದು ಮೈಮರೆಯುವಂತೆಯೂ ಇಲ್ಲ. ಮೊದಲ ಸರದಿಯಲ್ಲಿ ಎಚ್ಚರದ ಆಟಗಾರನೊಬ್ಬ ಏರಿಸಿದ್ದರೆ, ಎಂಟು ಜನರ ಎದುರು ಏರಿಸುವಷ್ಟು ಒಳ್ಳೆಯ ಎಲೆ ಅವನಲ್ಲಿದೆ ಎಂದೇ ಅರ್ಥ. ಆಗ ಬಟನ್ ಮೇಲಿನ ಎಕ್ಕ-ಗುಲಾಮವೂ ಬಿಡುವ ಎಲೆಯೇ. ಎಕ್ಕ-ರಾಣಿಗೆ ಎದುರಾಗಿ ಕೊನೆಯವರೆಗೆ ಹೋದರೆ ಸುಮಾರು ನಾಲ್ಕರಲ್ಲಿ ಮೂರು ಸಲ ಅವರೇ ಗೆಲ್ಲುತ್ತಾರೆ, ಯಾವ ಸ್ಥಾನದಲ್ಲಿ ಕೂತರೂ ಅದು ತಪ್ಪುವುದಿಲ್ಲ.

ಇನ್ನೊಂದು ಮಿತಿಯೂ ಇದೆ. ನಿಮ್ಮ ಬಳಿ ಹತ್ತು ಬಿಗ್ ಬ್ಲೈಂಡಿನಷ್ಟು ಚಿಪ್ಸ್ ಮಾತ್ರ ಉಳಿದಿದ್ದು, ಫ್ಲಾಪಿಗೆ ಮೊದಲೇ ಎಲ್ಲವನ್ನೂ ಒಳಗೆ ತಳ್ಳಿದರೆ ಟರ್ನ್, ರಿವರುಗಳಲ್ಲಿ ನಿರ್ಧರಿಸಲು ಏನೂ ಉಳಿಯುವುದಿಲ್ಲ. ಅಲ್ಲಿ ಕೊನೆಯ ಸರದಿಯಿಂದ ಸಿಗುವ ಲಾಭವಿಲ್ಲ, ನಿಮ್ಮ ನಂತರ ಎಷ್ಟು ಜನ ಬಾಕಿ ಇದ್ದಾರೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ನನ್ನ ಹಾಗೆ ನೂರು ಬಿಗ್ ಬ್ಲೈಂಡ್ ಮುಂದಿಟ್ಟುಕೊಂಡು ಕೂತವರಿಗೆ ಎರಡೂ ಹೊಡೆತ ಬೀಳುತ್ತವೆ.

ಹಂಚಿದ ಕೂಡಲೇ ಎಲೆ ಎತ್ತಿ ನೋಡುವ ಅಭ್ಯಾಸವನ್ನು ಬಿಟ್ಟಿದ್ದೇನೆ. ಮೊದಲು ಬಟನ್ ಎಲ್ಲಿದೆ ಎಂದು ನೋಡುತ್ತೇನೆ. ನನ್ನ ಸರದಿ ಬರುವವರೆಗೆ ಯಾರು ಬಿಟ್ಟರು, ಯಾರು ಏರಿಸಿದರು ಎಂದು ನೋಡಿ, ಇನ್ನು ಎಷ್ಟು ಜನ ಬಾಕಿ ಎಂದು ಎಣಿಸುತ್ತೇನೆ. ಎಲೆಯ ತುದಿ ಎತ್ತುವುದು ಆ ಸಂಖ್ಯೆ ಮನಸ್ಸಿನಲ್ಲಿ ಬಂದ ಮೇಲೆ.