ಚೌಕಾಬಾರದಲ್ಲಿ ಕಾಯಿ ಹೊಡೀದೆ ಒಳಗೆ ಹೋಗ್ಬಹುದಾ? ಎಲ್ಲಾ ಥರಾನೂ ಆಡಿ ನೋಡಿದ್ದು

ಎರಡು ಮನೆಯೋರು ಒಟ್ಟಿಗೆ ಚೌಕಾಬಾರಕ್ಕೆ ಕೂತ್ರೆ ಮೊದಲ ಹತ್ತು ನಿಮಿಷ ಎಲ್ಲಾ ಚೆನ್ನಾಗಿರುತ್ತೆ, ಆಮೇಲೆ ಯಾರೋ ಒಬ್ರ ಕಾಯಿ ಹೊರಗಿನ ಸುತ್ತು ಮುಗ್ಸಿ ಒಳಗೆ ತಿರುಗುತ್ತೆ, ಆಗ ಎದುರುಗಡೆಯಿಂದ "ಏಯ್ ನೀನಿನ್ನೂ ಒಂದೂ ಹೊಡ್ದಿಲ್ವಲ್ಲ, ಅದ್ಹೆಂಗೆ ಒಳಗೆ ಹೋಗ್ತೀಯ?" ಅಂತ ಕೇಳ್ತಾರೆ. ನಮ್ಮಮ್ಮನ ಕಡೆ ಮೈಸೂರಿನೋರು, ಅಲ್ಲಿ ಹೊಡೀಲೇಬೇಕು. ಹೆಂಡತಿ ಮನೆಯೋರು ಹೊಡೀದೇನೂ ಒಳಗೆ ಬಿಡ್ತಾರೆ. ನಮ್ಮತ್ತೆ ಪ್ರಕಾರ ಮೈಸೂರಿನೋರು ಆಟದಲ್ಲೂ ಸುಮ್ನೆ ಕಾನೂನು ಜಾಸ್ತಿ ಮಾಡ್ತಾರೆ. ಈ ಜಗಳ ಹಬ್ಬ ಹಬ್ಬಕ್ಕೂ ಮುಂದುವರೀತಿದ್ದಿದ್ದಕ್ಕೆ, ಸರಿ ಎಲ್ಲಾ ಥರಾನೂ ಆಡೇಬಿಡೋಣ ಅಂತ ಒಂದು ಬೇಸಿಗೆ ರಜೆ ಪೂರ್ತಿ ಬದಲಾಯಿಸಿ ಬದಲಾಯಿಸಿ ಆಡಿದ್ವಿ, ಅದ್ರಲ್ಲಿ ಕಂಡಿದ್ದನ್ನ ಬರೀತಿದೀನಿ.

ಕಟ್ಟೆಮನೆ ಅಂತ ಹೇಳಿ ಬೇರೆ ಥರ ಆಡೋರೂ ಇರ್ತಾರೆ, ಹಾಗಾಗಿ ಮೊದಲು ನಮ್ಮ ಆಟ ಹೇಗೆ ಅಂತ ಹೇಳ್ಬಿಡ್ತೀನಿ. ಐದಕ್ಕೈದು ಮನೆ, ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೀಟು, ಅಂದ್ರೆ ಕಟ್ಟೆ, ಅಲ್ಲಿ ಕೂತ ಕಾಯಿನ ಹೊಡಿಯಂಗಿಲ್ಲ. ಒಬ್ಬೊಬ್ರಿಗೆ ನಾಲ್ಕು ಕಾಯಿ. ಹುಣಸೆಬೀಜನ ಒಂದು ಬದಿ ಉಜ್ಜಿ ಬಿಳಿ ಮಾಡಿ ನಾಲ್ಕು ಹಾಕೋದು, ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ, ನಾಲ್ಕೂ ಬಿಳಿ ಆದ್ರೆ ಚೌಕ, ನಾಲ್ಕೂ ಕಪ್ಪಾದ್ರೆ ಬಾರ ಅಂದ್ರೆ ಎಂಟು. ಚೌಕ, ಬಾರ ಬಿದ್ರೂ ಇನ್ನೊಂದ್ಸಲ ಹಾಕ್ಬಹುದು, ಹೊಡೆದ್ರೂ ಇನ್ನೊಂದ್ಸಲ. ಚೌಕಾನೋ ಬಾರಾನೋ ಬಿದ್ರೇ ಕಾಯಿ ಹುಟ್ಟೋದು ಅನ್ನೋ ಮನೆಗಳಿವೆ, ನಾವು ಅದನ್ನ ಕೈಬಿಟ್ವಿ, ಯಾಕಂದ್ರೆ ಬೀಜ ಎರಡೂ ಕಡೆಗೆ ಸಮ ಬೀಳುತ್ತೆ ಅಂದ್ಕೊಂಡ್ರೂ ಇವೆರಡರಲ್ಲಿ ಒಂದು ಬೀಳೋದು ಎಂಟಕ್ಕೊಂದ್ಸಲ, ಮೊದಲ ಐದು ಸರದೀಲಿ ಒಂದು ಕಾಯೀನೂ ಹುಟ್ದೇ ಇರೋ ಸಾಧ್ಯತೆ ಅರ್ಧಕ್ಕರ್ಧ, ಅಷ್ಟೊತ್ತಿಗೆ ಮಕ್ಕಳು ಎದ್ದು ಹೋಗಿರ್ತಾರೆ.

ಈಗ ದಾರಿ ಲೆಕ್ಕ, ಇದೊಂದು ಗೊತ್ತಿದ್ರೆ ಮುಂದಿನ ಮಾತೆಲ್ಲಾ ಸುಲಭ. ನಮ್ಮ ಮನೇನ ಸೊನ್ನೆ ಅಂತಿಟ್ಕೊಳಿ. ಹೊರಸುತ್ತಲ್ಲಿ ನಮ್ಮ ಬಲಕ್ಕೆ ಹೊರಟು 4, 8, 12ನೇ ಮನೆಗಳಲ್ಲಿ ಬೇರೆಯೋರ ಕಟ್ಟೆ ದಾಟಿ 15ಕ್ಕೆ ಬಂದ್ರೆ ಅದೇ ಬಾಗ್ಲು, ನಮ್ಮ ಮನೆ ಪಕ್ಕದ್ದು. 16ಕ್ಕೆ ಒಳಸುತ್ತು, ಅಲ್ಲಿ ಉಲ್ಟಾ ದಿಕ್ಕಲ್ಲಿ ಎಂಟು ಮನೆ, 24ಕ್ಕೆ ಸರಿಯಾಗಿ ಬಿದ್ರೆ ಕಾಯಿ ಹಣ್ಣು.

ಮೊದಲು ಅತ್ತೆ ಮನೆ ಪದ್ಧತಿ, ಯಾರ್ ಬೇಕಾದ್ರೂ ಒಳಗೆ ಹೋಗ್ಬಹುದು. ಆಟ ಬೇಗ ಮುಗಿಯುತ್ತೆ, ಚಿಕ್ಕ ಮಕ್ಕಳಿಗೆ ಇದೇ ಸರಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ದೊಡ್ಡೋರು ಆಡಿದಾಗ ಒಂದು ವಿಷ್ಯ ಗಮನಕ್ಕೆ ಬಂತು, ಹೊಡಿಯೋಕೆ ಯಾರೂ ಮುಂದಾಗಲ್ಲ. ಸಿಕ್ಕಿದ್ರೆ ಹೊಡೀತಾರೆ, ಹುಡ್ಕೊಂಡು ಹೋಗಲ್ಲ, ಮುಂದಿರೋ ಕಾಯಿನ ಒಳಗೆ ನುಗ್ಗಿಸೋದೇ ಲಾಭ. ಕೊನೆಗೆ ಯಾರಿಗೆ ಬಾರ ಜಾಸ್ತಿ ಬಿತ್ತೋ ಅವ್ರು ಗೆದ್ರು. ನಂಗಿದು ಸಪ್ಪೆ ಅನ್ಸ್ತು, ಆದ್ರೆ ನಮ್ಮ ಮಾವನಿಗೆ ಇದೇ ಇಷ್ಟ, ಅವ್ರಿಗೆ ಊಟಕ್ಕೆ ಮುಂಚೆ ಆಟ ಮುಗೀಬೇಕು ಅಷ್ಟೆ.

ಎರಡನೇದು ಮೈಸೂರು ಕಡೆ ನಮ್ಮಜ್ಜಿ ಕಲಿಸಿದ್ದು. ಒಂದಾದ್ರೂ ಹೊಡ್ದಿರ್ಬೇಕು, ಇಲ್ಲಾಂದ್ರೆ 15ರಲ್ಲಿ ನಿಂತು ಕಾಯ್ಬೇಕು. ಒಬ್ರು ಒಂದು ಹೊಡೆದ್ರೆ ಅವರ ನಾಲ್ಕೂ ಕಾಯಿಗೆ ದಾರಿ ಬಿಡ್ತು. ಇದ್ರಲ್ಲಿ ಆಟದ ಬಣ್ಣಾನೇ ಬದಲಾಗುತ್ತೆ, ಮೊದಲ ಏಟು ಯಾರು ಹೊಡೀತಾರೆ ಅನ್ನೋದಕ್ಕೇ ಎಲ್ಲರೂ ಕಾಯ್ತಾರೆ. ಹಾಗಾಗಿ ಎದುರಾಳಿಗೆ ಹೊಡಿಯೋ ಅವಕಾಶ ಕೊಡ್ದೇ ಇರೋದೇ ದೊಡ್ಡ ಬುದ್ಧಿವಂತಿಕೆ ಆಗುತ್ತೆ, ಎಲ್ಲರೂ ಕಟ್ಟೆ ಹಿಡ್ಕೊಂಡು ಕೂರ್ತಾರೆ.

ಇಲ್ಲೇ ಇನ್ನೊಂದು ರೂಲ್ ಬೇಕಾಗುತ್ತೆ, ಅದನ್ನ ಯಾರೂ ಬಾಯ್ಬಿಟ್ಟು ಹೇಳಿರಲ್ಲ. ಗರ ಬಿದ್ಮೇಲೆ ನಡೆಸ್ಲೇಬೇಕಾ, ಬೇಡ ಅಂದ್ರೆ ಬಿಡ್ಬಹುದಾ? ಕಟ್ಟೆಯಿಂದ ಕಟ್ಟೆಗೆ ನಾಲ್ಕು ಮನೆ ದೂರ, ಅಂದ್ರೆ ಚೌಕ ಅಥವಾ ಬಾರ ಬಿದ್ರೆ ಮಾತ್ರ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರ್ಬಹುದು. ಒಂದು, ಎರಡು, ಮೂರು ಬಿದ್ರೆ ಬಯಲಿಗೆ ಬರ್ಲೇಬೇಕು. ಒಂದಿನ ನನ್ನ ಕಾಯಿಗಳು 15, 12, 8ರಲ್ಲಿ ಒಂದೊಂದು, ಇನ್ನೊಂದು ಮನೇಲೇ, ನಾನಿನ್ನೂ ಯಾರನ್ನೂ ಹೊಡ್ದಿಲ್ಲ. ಬಿದ್ದಿದ್ದು ಮೂರು. 15ರದ್ದು ಅಲ್ಲಾಡಂಗಿಲ್ಲ. 12ರದ್ದನ್ನ ತಗೊಂಡ್ರೆ ಅದೂ ಬಾಗ್ಲಿಗೆ ಬಂದು ನಿಲ್ಲುತ್ತೆ, 8ರದ್ದು 11ಕ್ಕೆ, ಮನೇದು 3ಕ್ಕೆ, ಯಾವ್ದು ತಗೊಂಡ್ರೂ ಕಟ್ಟೆ ಬಿಟ್ಟು ಹೊರಗೆ. ನಡೆಸ್ಲೇಬೇಕು ಅನ್ನೋ ರೂಲ್ ಇದ್ರೆ ಯಾರೋ ಹೊಡಿಸ್ಕೊಳ್ತಾರೆ, ಆಟ ಮುಂದೆ ಹೋಗುತ್ತೆ. ಬಿಡ್ಬಹುದು ಅಂದ್ರೆ ನಾನು ಸುಮ್ನೆ ಕೂರ್ತೀನಿ, ಎದುರಿನೋರೂ ಕೂರ್ತಾರೆ, ಬೀಜ ಹಾಕೋದು ತೆಗಿಯೋದು ಅಷ್ಟೇ. ನಾವು ಬಿಡ್ಬಹುದು ಅಂತ ಆಡಿದ ಆಟಗಳು ಒಂದಲ್ಲಾ ಒಂದು ಹಂತದಲ್ಲಿ ಹಿಂಗೇ ಹೆಪ್ಪುಗಟ್ಟಿದ್ವು. ಹಾಗಾಗಿ ಹೊಡಿಯೋ ರೂಲ್ ಇಟ್ಕೊಳ್ಳೋರು ನಡೆಸೋ ರೂಲ್ ಜೊತೇಲೇ ಇಟ್ಕೊಳಿ, ಒಂದು ಬಿಟ್ಟು ಒಂದು ನಡಿಯಲ್ಲ.

ಬಯಲಿಗೆ ಬರ್ಲೇಬೇಕು ಅಂದಾಗ ಎಲ್ಲಿ ನಿಲ್ಸೋದು? ಎದುರಾಳಿ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲೋದು ಎಲ್ಲಕ್ಕಿಂತ ಕೆಟ್ಟದ್ದು, ಎರಡು ಬೀಳೋದು ಹದಿನಾರಕ್ಕೆ ಆರು ಸಲ, ಒಂದು ಅಥವಾ ಮೂರು ಬೀಳೋದು ನಾಲ್ಕು ನಾಲ್ಕು ಸಲ. ಐದು ಮನೆ ದೂರ ಇದ್ರೆ ಅವರಿಗೆ ಮೊದಲು ಚೌಕ ಬಿದ್ದು ಆಮೇಲೆ ಒಂದು ಬೀಳ್ಬೇಕು, ಅರಾಮಾಗಿರಿ. ಇದೇ ಲೆಕ್ಕದಲ್ಲಿ 15ನೇ ಮನೆ ನೋಡಿ, ಎದುರು ಕೂತೋರ ಮನೆಯಿಂದ ಅದು ಏಳು ಮನೆ ದೂರ, ಆದ್ರೆ ಎಡಗಡೆ ಕೂತೋರ ಮನೆಯಿಂದ ಬರೀ ಮೂರು. ಅಂದ್ರೆ ಎದುರುಬದುರು ಇಬ್ರೇ ಆಡುವಾಗ ಬಾಗ್ಲಲ್ಲಿ ಕಾಯೋದು ಅಷ್ಟೇನು ಅಪಾಯ ಅಲ್ಲ, ನಾಲ್ಕು ಜನ ಆಡುವಾಗ ಎಡಗಡೆಯೋರ ಕಾಯಿ ಇನ್ನೂ ಮನೇಲಿದ್ರೆ ಪ್ರತಿ ಸರದೀಲೂ ನಾಲ್ಕಕ್ಕೊಂದು ಪಾಲು ಏಟು ಗ್ಯಾರಂಟಿ ಅಂತಿಟ್ಕೊಳಿ. ಬಾಗ್ಲಿಗೆ ಹೋಗೋ ಬದ್ಲು 12ರ ಕಟ್ಟೇಲೇ ಕೂತಿರೋದು ಉತ್ತಮ.

ಆದ್ರೂ ಅಜ್ಜಿ ಪದ್ಧತೀಲಿ ಒಂದು ದೊಡ್ಡ ತೂತು ಇದೆ. ಯಾರನ್ನೂ ಹೊಡೀದೆ ನಾಲ್ಕೂ ಕಾಯಿ ಬಾಗ್ಲಿಗೆ ಬಂದು ನಿಂತ್ರೆ ಏನು ಗತಿ? ಮುಂದೆ ಹೋಗಂಗಿಲ್ಲ, ಹೊಡಿಯೋಕೆ ಹಿಂದೆ ಬರಂಗಿಲ್ಲ. ಆಗ ನಿಮ್ಮನ್ನ ಯಾರಾದ್ರೂ ಹೊಡೆದ್ರೇ ಉಪಕಾರ, ಆ ಕಾಯಿ ಮನೆಗೆ ಹೋಗಿ ಮತ್ತೆ ಹೊರಟು ಬೇಟೆ ಆಡ್ಬಹುದು. ಇದು ಗೊತ್ತಿರೋ ಎದುರಾಳಿ ಹೊಡಿಯೋದೇ ಇಲ್ಲ, ಪಕ್ಕದಲ್ಲೇ ಹಾದು ಹೋಗ್ತಾರೆ. ನಮ್ಮ ಭಾವ ಒಂದಿನ ಹಿಂಗೇ ಸಿಕ್ಕಾಕ್ಕೊಂಡು "ಹೊಡಿರಪ್ಪಾ ಯಾರಾದ್ರೂ" ಅಂತ ಕೇಳ್ಕೊಂಡ್ರೂ ಯಾರೂ ಹೊಡೀಲಿಲ್ಲ. ಇಬ್ರೇ ಆಡುವಾಗ ಇಬ್ರೂ ಹಿಂಗಾದ್ರೆ ಬೀಜ ಎತ್ತಿಡೋದೇ ದಾರಿ.

ಮೂರನೇದು ಇದಕ್ಕೇ ಔಷಧಿ. ಹೊಡ್ದಿಲ್ಲಾಂದ್ರೆ ನಿಲ್ಲೋದಲ್ಲ, 15 ದಾಟಿ ನಮ್ಮ ಮನೆ ಮೇಲೆ ಹಾದು ಇನ್ನೊಂದು ಸುತ್ತು ಹೊರಡೋದು. ಪಕ್ಕದ ಫ್ಲಾಟಿನ ಅಜ್ಜ ಒಬ್ರು ಹೇಳಿದ್ದು, ಅವ್ರ ಊರಲ್ಲಿ ಹಿಂಗೇನಂತೆ. ಹದಿನಾರು ಮನೆ ಎಕ್ಸ್‌ಟ್ರಾ ನಡಿಬೇಕು, ಅದೇ ಶಿಕ್ಷೆ, ಆದ್ರೆ ಕಾಯಿ ಯಾವತ್ತೂ ಸತ್ತು ಬಿದ್ದಿರಲ್ಲ, ಸುತ್ತುತಾ ಇರೋ ಕಾಯಿ ಇನ್ನೊಬ್ರ ಬೆನ್ನಿಗೆ ಬೀಳುತ್ತೆ. ಬಾಗ್ಲಲ್ಲಿ ಎಡಗಡೆಯೋರ ಮೂರಕ್ಕೆ ಹೆದರಿ ಕೂರೋ ಪ್ರಮೇಯಾನೇ ಇಲ್ಲ, ನಮ್ಮ ಮನೆ ಕಟ್ಟೆ ಪಕ್ಕದಲ್ಲೇ ಇದೆ, ಒಂದು ಬಿದ್ರೆ ಸೇಫ್. ಬರೋ ಜಗಳ ಒಂದೇ, ಎರಡನೇ ಸುತ್ತಲ್ಲಿ ಮೂರನೇ ಮನೇಲಿದ್ದಾಗ ಹೊಡೆದ್ರೆ ವಾಪಸ್ ಬಂದು ಒಳಗೆ ಹೋಗ್ಬಹುದಾ ಅಂತ. ಇಲ್ಲ, ಆ ಸುತ್ತು ಪೂರ್ತಿ ಮುಗಿಸ್ಲೇಬೇಕು ಅಂತ ನಾವು ಇಟ್ಕೊಂಡ್ವಿ, ಇಲ್ಲಾಂದ್ರೆ ಯಾವ ಕಾಯಿ ಎಷ್ಟನೇ ಸುತ್ತು ಅಂತ ನೆನಪಿಟ್ಕೊಳ್ಳೋಕಾಗಲ್ಲ.

ನಾಲ್ಕನೇ ಥರ ಒಂದಿದೆ, ಪ್ರತಿ ಕಾಯೀನೂ ತಾನೇ ಒಂದೊಂದು ಹೊಡ್ದಿರ್ಬೇಕು ಅನ್ನೋದು. ಇದನ್ನ ಶುರು ಮಾಡಿದ ಮಧ್ಯಾಹ್ನ ಕಾಫಿ ಆಯ್ತು, ಸಂಜೆ ದೀಪ ಹಚ್ಚಿದ್ದಾಯ್ತು, ಒಬ್ರದ್ದೂ ಎರಡನೇ ಹಣ್ಣಾಗಿರ್ಲಿಲ್ಲ. ಯಾವ ಕಾಯಿ ಹೊಡ್ದಿದೆ ಅಂತ ಗುರುತಿಗೆ ಬಳೆಚೂರಿನ ಮೇಲೆ ಸೀಮೆಸುಣ್ಣ ಹಚ್ಚಬೇಕಾಯ್ತು. ಬೇಡ.

ಈಗ ನಮ್ಮನೇಲಿ ನಿಂತಿರೋದು ಹೀಗೆ. ಇಬ್ರೇ ಇದ್ರೆ ಅಥವಾ ಮಕ್ಕಳು ಜೊತೆಗಿದ್ರೆ ಅತ್ತೆ ಪದ್ಧತಿ, ಯಾಕಂದ್ರೆ ಇಬ್ರಲ್ಲಿ ಹೊಡಿಯೋಕೆ ಕಾಯಿ ಸಿಗೋದೇ ಕಷ್ಟ. ಮೂರ್ನಾಲ್ಕು ಜನ ದೊಡ್ಡೋರಾದ್ರೆ ಅಜ್ಜನ ಸುತ್ತು, ನಡೆಸ್ಲೇಬೇಕು ಅನ್ನೋದ್ರ ಜೊತೆ. ನಮ್ಮಮ್ಮ ಮಾತ್ರ ಇದನ್ನ ಒಪ್ಪಲ್ಲ, ಬಾಗ್ಲಲ್ಲಿ ನಿಲ್ಸಿ ಕಾಯ್ಸೋದ್ರಲ್ಲೇ ಮಜಾ ಅಂತಾರೆ, ಅವ್ರಿಗೆ ಭಾವನ ಮುಖ ನೋಡೋ ಖುಷಿ ಇರ್ಬೇಕು.

ಇನ್ನೂ ತೀರ್ಮಾನ ಆಗ್ದೇ ಇರೋದು ಗಟ್ಟಿ ವಿಷ್ಯ. ಒಂದೇ ಮನೇಲಿ ಎರಡೆರಡಾಗಿ ಕೂತ ಜೋಡಿ ಕಾಯಿನ ಒಂಟಿ ಕಾಯಿ ಹೊಡಿಯಂಗಿಲ್ಲ, ಗಟ್ಟೀನೇ ಗಟ್ಟೀನ ಹೊಡೀಬೇಕು ಅಂತ ಒಂದು ಕಡೆ, ಹೊರಸುತ್ತಲ್ಲಿ ಗಟ್ಟೀನೇ ಇಲ್ಲ ಒಳಗೆ ಹೋದ್ಮೇಲಷ್ಟೇ ಅಂತ ಇನ್ನೊಂದು ಕಡೆ. ಹೊರಗೂ ಗಟ್ಟಿ ಒಪ್ಕೊಂಡ್ರೆ ಹೊಡಿಯೋ ಅವಕಾಶ ಇನ್ನೂ ಕಮ್ಮಿ ಆಗುತ್ತೆ, ಹಾಗಾಗಿ ಸದ್ಯಕ್ಕೆ ನಾವು ಒಳಸುತ್ತಲ್ಲಿ ಮಾತ್ರ ಇಟ್ಕೊಂಡಿದೀವಿ. ನಿಮ್ಮಲ್ಲಿ ಹೊರಗೂ ಗಟ್ಟಿ ಕಟ್ಟಿ, ಹೊಡೀದೆ ಒಳಗೂ ಬಿಡ್ದೆ ಆಡೋರಿದ್ರೆ ಆಟ ಎಲ್ಲಿ ನಿಲ್ಲುತ್ತೆ ಅಂತ ಹೇಳಿ.