ಮೊಮ್ಮಗಳೊಂದಿಗೆ ಚಿತ್ರ ಆರಿಸುವುದು: ಹದಿನಾಲ್ಕು ತಿಂಗಳ ಬಳಕೆಯ ಅನುಭವ

ನಾನು ಬಾಗಲಕೋಟೆಯ ನವನಗರದಲ್ಲಿ ವಾಸಿಸುವ ನಿವೃತ್ತ ಶಿಕ್ಷಕಿ. ಹನ್ನೆರಡು ವರ್ಷದ ನನ್ನ ಮೊಮ್ಮಗಳು ತಂದೆ ತಾಯಿಯೊಂದಿಗೆ ಜರ್ಮನಿಯಲ್ಲಿದ್ದಾಳೆ. ನಾವಿಬ್ಬರೂ ಒಂದೇ ಸಂಸ್ಥೆಯ ಚಿತ್ರಸೇವೆಗೆ ಚಂದಾದಾರರು. ಪ್ರತಿ ರವಿವಾರ ಸಂಜೆ ಏಳಕ್ಕೆ ವಿಡಿಯೋ ಕರೆಯಲ್ಲಿ ಸೇರಿ ಒಂದು ಚಿತ್ರವನ್ನು ಆರಿಸಿ ನೋಡುತ್ತೇವೆ. ದೇವರ ಮುಂದೆ ದೀಪ ಹಚ್ಚಿ, ಒಂದು ಬಟ್ಟಲು ಒಗ್ಗರಣೆ ಚುರುಮುರಿ ಮಾಡಿಟ್ಟುಕೊಂಡು, ಮೊಬೈಲನ್ನು ರೊಟ್ಟಿ ಡಬ್ಬಿಗೆ ಆನಿಸಿ ನಿಲ್ಲಿಸಿದರೆ ನನ್ನ ತಯಾರಿ ಮುಗಿಯುತ್ತದೆ. ಅವಳಿಗೆ ಆಗ ಬೇಸಿಗೆಯಾದರೆ ಮಧ್ಯಾಹ್ನ ಮೂರೂವರೆ, ಚಳಿಗಾಲವಾದರೆ ಎರಡೂವರೆ. ಅಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ರವಿವಾರ ಗಡಿಯಾರ ಬದಲಾಗುತ್ತದೆಂಬುದು ತಿಳಿಯದೆ, ಕಳೆದ ಅಕ್ಟೋಬರಿನಲ್ಲಿ ನಾನು ಒಂದು ತಾಸು ಕಾಯ್ದು ಕುಳಿತಿದ್ದೆ.

ಮೊದಲ ರವಿವಾರವೇ ಬೇಸರವಾಯಿತು. ಮೊಮ್ಮಗಳು ತನ್ನ ಲ್ಯಾಪ್‌ಟಾಪಿನ ಸ್ಕ್ರೀನ್ ಶೇರ್ ಮಾಡಿದಳು. ಚಿತ್ರಗಳ ಪಟ್ಟಿ, ಅವುಗಳ ಪೋಸ್ಟರುಗಳು ಎಲ್ಲವೂ ನನ್ನ ಮೊಬೈಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಚಿತ್ರ ಆರಂಭಿಸಿದ ಕೂಡಲೇ ಪರದೆ ಪೂರ್ತಿ ಕಪ್ಪಾಯಿತು.

“ಪುಟ್ಟಿ, ನನಗ ಏನೂ ಕಾಣವಲ್ದು, ಬರೇ ಮಾತು ಕೇಳಸಾಕತ್ತದ,” ಎಂದೆ.

“ನನಗ ಎಲ್ಲಾ ಕಾಣಸ್ತದ ಅಜ್ಜಿ,” ಎಂದಳು.

ನಮ್ಮ ಮನೆಯ ಇಂಟರ್ನೆಟ್ಟಿನ ದೋಷವೆಂದು ಭಾವಿಸಿ ಎರಡು ವಾರ ಅದನ್ನೇ ಸರಿಪಡಿಸಲು ಹೆಣಗಿದೆ. ಕಾರಣ ಬೇರೆಯೇ ಆಗಿತ್ತು. ಚಿತ್ರವನ್ನು ಯಾರೂ ನಕಲು ಮಾಡಿಕೊಳ್ಳಬಾರದೆಂದು ಚಿತ್ರಸೇವೆಗಳು ದೃಶ್ಯಕ್ಕೆ ರಕ್ಷಣೆ ಹಾಕಿರುತ್ತವೆ. ಆ ರಕ್ಷಣೆಯಿರುವ ದೃಶ್ಯದ ಜಾಗದಲ್ಲಿ ಕರೆಯ ಆ್ಯಪಿಗೆ ಕಪ್ಪು ಚೌಕ ಮಾತ್ರ ಸಿಗುತ್ತದೆ. ಇದನ್ನು ಗುರುತಿಸುವುದು ಸುಲಭ. ಇಂಟರ್ನೆಟ್ ನಿಧಾನವಾಗಿದ್ದರೆ ಪಟ್ಟಿಯೂ ಮಸುಕಾಗುತ್ತದೆ, ಮಾತು ತುಂಡುತುಂಡಾಗಿ ಬರುತ್ತದೆ. ಪಟ್ಟಿ ಸ್ಪಷ್ಟವಾಗಿದ್ದು, ಚಿತ್ರ ಹಚ್ಚಿದಾಗ ಮಾತ್ರ ಕಪ್ಪಾದರೆ ಅದು ರಕ್ಷಣೆಯ ಪರಿಣಾಮ. ಚಂದಾ ಕಟ್ಟುವಾಗ ಈ ಮಾತನ್ನು ಯಾರೂ ನನಗೆ ತಿಳಿಸಲಿಲ್ಲವೆಂಬ ಅಸಮಾಧಾನ ಈಗಲೂ ಇದೆ.

ಅಂದಿನಿಂದ ಸ್ಕ್ರೀನ್ ಶೇರ್ ನಮಗೆ ಆರಿಸಲು ಮಾತ್ರ. ನೋಡುವುದು ಅವರವರ ಪರದೆಯಲ್ಲಿ. ಆರಿಸುವುದೂ ಸರಳವಲ್ಲ. ಪ್ರಸಾರದ ಹಕ್ಕನ್ನು ದೇಶವಾರು ಮಾರುವುದರಿಂದ, ಒಂದೇ ಚಂದಾ ಸೇವೆಯಾದರೂ ಅವಳ ಪಟ್ಟಿ ಬೇರೆ, ನನ್ನ ಪಟ್ಟಿ ಬೇರೆ. ನಾನು ಕಾಲೇಜಿನಲ್ಲಿದ್ದಾಗ ಮೆಚ್ಚಿದ ಕನ್ನಡ ಚಿತ್ರವೊಂದು ನನ್ನ ಟಿವಿಯಲ್ಲಿತ್ತು, ಅಲ್ಲಿ ಇರಲಿಲ್ಲ. ಅವಳು ಬಯಸಿದ ಜರ್ಮನ್ ಚಿತ್ರ ಇಲ್ಲಿರಲಿಲ್ಲ. ಆದ್ದರಿಂದ ಒಬ್ಬೊಬ್ಬರು ಎರಡೆರಡು ಹೆಸರು ಹೇಳುವುದು, ಇಬ್ಬರೂ ಹುಡುಕಿ ನೋಡುವುದು, ಎರಡೂ ಕಡೆ ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ಎಂದು ನಿಯಮ ಮಾಡಿಕೊಂಡೆವು. ಇದಕ್ಕೆ ಅರ್ಧ ತಾಸಾದರೂ ಬೇಕು. ಮೊದಮೊದಲು ಸಮಯ ವ್ಯರ್ಥವೆನಿಸುತ್ತಿದ್ದ ಈ ಅರ್ಧ ತಾಸಿಗಾಗಿಯೇ ನಾನು ಈಗ ವಾರವಿಡೀ ಕಾಯುತ್ತೇನೆ. ಪೋಸ್ಟರ್ ನೋಡಿ ಕಥೆ ಊಹಿಸುವಾಗ ಅವಳು ತನ್ನ ಶಾಲೆಯ ಸುದ್ದಿ, ಗೆಳತಿಯರ ಜಗಳ ಎಲ್ಲವನ್ನೂ ಹೇಳುತ್ತಾಳೆ. ಸುಮ್ಮನೆ ಕರೆ ಮಾಡಿದ ದಿನ “ಆರಾಮ ಇದ್ದೀನಿ ಅಜ್ಜಿ” ಎಂಬುದರ ಆಚೆಗೆ ಮಾತು ಬೆಳೆಯುತ್ತಿರಲಿಲ್ಲ.

ಹೋದ ತಿಂಗಳ ಪ್ರಸಂಗವೊಂದನ್ನು ಹೇಳಲೇಬೇಕು. ಅವಳಿಗೆ ಕನ್ನಡದ ಸಂಭಾಷಣೆ ಪೂರ್ತಿ ಹಿಡಿಯುವುದಿಲ್ಲ, ನನಗೆ ಜರ್ಮನ್ ಬಾರದು. ಹಾಗಾಗಿ ಮಾತೇ ಇಲ್ಲದ ಚಿತ್ರವಿರಲೆಂದು ಚಾಪ್ಲಿನ್ ಅವರ 1921ರ ‘ದಿ ಕಿಡ್’ ಆರಿಸಿದೆವು. ಆ ದಿನ ನಮ್ಮ ಸೇವೆಯಲ್ಲಿ ಅದು ಸಿಗದೆ, ಇಬ್ಬರೂ ಬೇರೆ ಬೇರೆ ತಾಣಗಳಲ್ಲಿ ಹುಡುಕಿಕೊಂಡೆವು. “ಒಂದು, ಎರಡು, ಮೂರು” ಎಂದು ಎಣಿಸಿ ಒಟ್ಟಿಗೆ ಒತ್ತಿದೆವು. ಸ್ವಲ್ಪ ಹೊತ್ತಿಗೆ ಅವಳು, ಕೂಸನ್ನು ತೊರೆದ ತಾಯಿಯ ಬಗ್ಗೆ ನನ್ನ ಪರದೆಯಲ್ಲಿ ಬಾರದ ದೃಶ್ಯವೊಂದನ್ನು ವಿವರಿಸತೊಡಗಿದಳು. ನಿಲ್ಲಿಸಿ ಹೋಲಿಸಿದರೆ ಅವಳ ಚಿತ್ರ 68 ನಿಮಿಷದ್ದು, ನನ್ನದು 53 ನಿಮಿಷದ್ದು. ಚಾಪ್ಲಿನ್ ಅವರೇ 1971ರಲ್ಲಿ ಆ ತಾಯಿಯ ಕೆಲವು ದೃಶ್ಯಗಳನ್ನು ಕತ್ತರಿಸಿ, ತಾವೇ ರಚಿಸಿದ ಸಂಗೀತ ಸೇರಿಸಿ ಮರುಬಿಡುಗಡೆ ಮಾಡಿದ್ದರು. ನನಗೆ ಸಿಕ್ಕಿದ್ದು ಅದು. ಈಗ ಹೆಸರಿನ ಜೊತೆಗೆ ಅವಧಿಯನ್ನೂ ಇಬ್ಬರೂ ಓದಿ ಹೇಳಿ, ನಿಮಿಷ ಹೊಂದಿದ ಮೇಲೆಯೇ ಎಣಿಕೆ ಶುರುಮಾಡುತ್ತೇವೆ.

ಪಿಂಚಣಿಯಲ್ಲಿ ಬದುಕುವ ನನಗೆ ಒಂದೇ ಚಂದಾ ಸಾಕು, ಮುಂದಿನ ವರ್ಷಕ್ಕೂ ಅದನ್ನು ಕಟ್ಟುತ್ತೇನೆ. ಎರಡು ದೇಶಗಳಲ್ಲಿ ಸಮಾನವಾಗಿ ದೊರೆಯುವ ಚಿತ್ರಗಳನ್ನು ಒಂದೇ ಪಟ್ಟಿಯಲ್ಲಿ ತೋರಿಸುವ ಸೌಲಭ್ಯವಿಲ್ಲದ್ದಕ್ಕೆ ಒಂದು ಅಂಕ ಕಡಿಮೆ ಮಾಡಿ, ಐದರಲ್ಲಿ ನಾಲ್ಕು ಕೊಡುತ್ತಿದ್ದೇನೆ. ಬರುವ ರವಿವಾರ ‘ದಿ ಕಿಡ್’ನ 68 ನಿಮಿಷದ ಆವೃತ್ತಿಯನ್ನು ನನಗೂ ಹುಡುಕಿಕೊಡುವುದಾಗಿ ಮೊಮ್ಮಗಳು ಹೇಳಿದ್ದಾಳೆ.