ಮಿಕ್ಸಿಂಗ್‌ಗೆ ದುಡ್ಡು ಕೊಡುವ ಮುಂಚೆ ರೆಫರೆನ್ಸ್ ಹಾಡು ಎಲ್ಲಿ ಪ್ಲೇ ಮಾಡ್ತಾರೆ ಅಂತ ಕೇಳಿ

ಮುಂಬೈ ಕಡೆ ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ, ಮಿಕ್ಸಿಂಗ್ ಹೊರಗೆ ಕೊಡುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೆಫರೆನ್ಸ್ ಅಂದರೆ ಮಿಕ್ಸ್ ಮಾಡುವಾಗ ಹೋಲಿಸಿ ನೋಡಲು ಇಟ್ಟುಕೊಳ್ಳುವ ಸಿದ್ಧ ಹಾಡು. ಡೊಂಬಿವ್ಲಿಯಲ್ಲಿ ನಮ್ಮ ಅಕ್ಕ ಹಾಡಿದ ದಾಸರ ಪದಗಳನ್ನು ಠಾಣೆ ಊರಿನ ಒಬ್ಬರಿಗೆ ಮಿಕ್ಸಿಂಗ್‌ಗೆ ಕೊಟ್ಟಿದ್ದೆವು. ಬೆಳಗಾವಿ ಕಡೆಯವರು, ನಯವಾದ ಮಾತು, ಒಳ್ಳೆಯ ಓಪನ್ ಬ್ಯಾಕ್ ಹೆಡ್‌ಫೋನ್. ಹೆಸರು ಹೇಳುವುದಿಲ್ಲ. ಮುಂಗಡ ಪೂರ್ತಿ ಹೋಯಿತು, ಹಾಡು ಮಾತ್ರ ಕೈಗೆ ಬಂದದ್ದು ಕೆಟ್ಟು.

ಕಾರಿನಲ್ಲಿ ಹಾಕಿದರೆ ತಬಲಾದ ಡಗ್ಗಾ ಒಂದೊಂದು ಏಟಿಗೂ ಬಾಗಿಲು ಗಡಗಡ ಅನ್ನುತ್ತಿತ್ತು. ಅಕ್ಕನ ದನಿ ಅದರ ಹಿಂದೆ ಮುಚ್ಚಿಹೋಗಿತ್ತು. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಚೆನ್ನಾಗಿಯೇ ಕೇಳುತ್ತಿತ್ತು, ಯಾಕಂದ್ರೆ ಅದರಲ್ಲಿ ಅಷ್ಟು ಕೆಳಗಿನ ದನಿ ಬರುವುದೇ ಇಲ್ಲ. ಎರಡಕ್ಕೂ ಇಷ್ಟು ವ್ಯತ್ಯಾಸ ಇದ್ದರೆ ಮೊದಲು ಬಾಸ್ ಮೇಲೇ ಅನುಮಾನ ಪಡಬೇಕು.

ಅವರ ಮನೆಗೇ ಹೋಗಿ ಕೇಳಿದೆ. "ಸರ, ರೆಫರೆನ್ಸ್‌ನಾಗ ಬಾಸ್ ಎಷ್ಟ್ ಐತಿ ಕೇಳ್ರಿ. ನಿಮ್ಮ ಹಾಡಿನಾಗ ಇರಲಿಲ್ಲ, ಅದಕ್ಕ ಏರ್ಸೀನಿ" ಅಂದರು. ಮಾಸ್ಟರ್ ಟ್ರ್ಯಾಕ್ ತೆಗೆದು ತೋರಿಸಿದರು. 100 ಹರ್ಟ್ಸ್‌ನಿಂದ ಕೆಳಗೆಲ್ಲ 5 ಡಿಬಿ ಎತ್ತಿದ್ದರು. ರೆಫರೆನ್ಸ್ ಹಾಡು ಬ್ರೌಸರ್‌ನಲ್ಲಿ ಓಡುತ್ತಿತ್ತು. ನಮ್ಮ ಹಾಡು ಮಿಕ್ಸಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ, ಆಸಿಯೋ ಡ್ರೈವರ್ ಮೂಲಕ. ಹೆಡ್‌ಫೋನಿನ ಕುಂದು ತಿದ್ದುವ ಕರೆಕ್ಷನ್ ಪ್ರೊಫೈಲ್ ಇದ್ದದ್ದು ವಿಂಡೋಸ್‌ಗೆ ಹಾಕಿಕೊಳ್ಳುವ ಈಕ್ವಲೈಸರ್ ಎಪಿಒ ಎಂಬ ಸಾಫ್ಟ್‌ವೇರ್‌ನಲ್ಲಿ. ಅದರ `config.txt` ತೆರೆಸಿದೆ. ಮೊದಲ ಸಾಲುಗಳು ಹೀಗಿದ್ದವು:

```
Preamp: -6.0 dB
Filter 1: ON LSC Fc 105 Hz Gain 6.0 dB Q 0.70
```

ಓಪನ್ ಬ್ಯಾಕ್ ಹೆಡ್‌ಫೋನ್‌ಗಳಲ್ಲಿ ತೀರಾ ಕೆಳಗಿನ ಬಾಸ್ ಸಾಮಾನ್ಯವಾಗಿ ಕಡಿಮೆ. ಅದನ್ನು ತುಂಬಿಕೊಡಲು ಪ್ರೊಫೈಲ್ 105 ಹರ್ಟ್ಸ್ ಸುತ್ತಿನಿಂದ ಕೆಳಗೆ 6 ಡಿಬಿ ಏರಿಸುತ್ತದೆ. ದನಿ ಒಡೆಯದಿರಲಿ ಅಂತ ಒಟ್ಟು ಮಟ್ಟವನ್ನು ಮೊದಲೇ 6 ಡಿಬಿ ಇಳಿಸಿಕೊಂಡಿರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈಕ್ವಲೈಸರ್ ಎಪಿಒ ಕೆಲಸ ಮಾಡುವುದು ವಿಂಡೋಸ್‌ನ ಆಡಿಯೊ ದಾರಿಯಲ್ಲಿ. ಆಸಿಯೋ ಆ ದಾರಿಗೇ ಹೋಗುವುದಿಲ್ಲ, ನೇರ ಇಂಟರ್‌ಫೇಸ್‌ಗೆ ಹೋಗುತ್ತದೆ. ಅಂದರೆ ರೆಫರೆನ್ಸ್‌ಗೆ ಕರೆಕ್ಷನ್ ಇತ್ತು, ನಮ್ಮ ಹಾಡಿಗೆ ಇರಲಿಲ್ಲ. ಬ್ರೌಸರ್ ದನಿ ಸಣ್ಣದಾಯಿತು ಅಂತ ಅವರು ವಾಲ್ಯೂಮ್ ಏರಿಸಿಕೊಂಡರು. ಆಗ ಹಾಡುವ ದನಿ ಎರಡರಲ್ಲೂ ಸರಿಸಮ ಆಯಿತು, ಬಾಸ್ ಮಾತ್ರ ರೆಫರೆನ್ಸ್‌ನಲ್ಲಿ ಜಾಸ್ತಿ ಉಳಿಯಿತು. ಆ ಅಂತರವನ್ನು ಕಿವಿಯಿಂದಲೇ ತುಂಬಿದರು: 5 ಡಿಬಿ. ಕಿವಿ ಚೆನ್ನಾಗಿಯೇ ಇದೆ ಅನ್ನಿ! ಎರಡು ಬೇರೆ ಬೇರೆ ಹೆಡ್‌ಫೋನ್ ಹಾಕಿಕೊಂಡು ಹೋಲಿಸಿದ ಹಾಗಾಯಿತು ಅಷ್ಟೆ.

ಅವರು ಒಪ್ಪಲಿಲ್ಲ. ಹಾಗಾಗಿ `Preamp` ಸಾಲಿನಲ್ಲಿ -40 ಅಂತ ಬರೆದು ಸೇವ್ ಮಾಡಿದೆ. ಈ ಫೈಲ್ ಸೇವ್ ಆದ ತಕ್ಷಣ ಬದಲಾವಣೆ ಕೇಳಿಸುತ್ತದೆ. ಬ್ರೌಸರ್ ಪಿಸುಗುಟ್ಟುವಷ್ಟು ಇಳಿಯಿತು. ರೀಪರ್‌ನಲ್ಲಿ ಅಕ್ಕ ಮೊದಲಿನ ಹಾಗೇ ಹಾಡುತ್ತಿದ್ದಳು. ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು, ಒಂದು ನಿಮಿಷವೂ ಬೇಡ. ಮುಗಿದ ಮೇಲೆ ಹಳೆಯ ಅಂಕಿ ವಾಪಸ್ ಹಾಕಲು ಮರೀಬೇಡಿ, ಮತ್ತೆ ಹಾಕುವ ಮುಂಚೆ ವಾಲ್ಯೂಮ್ ಇಳಿಸಿ.

ರೆಫರೆನ್ಸ್ ಆಯ್ಕೆಯೂ ವಿಚಿತ್ರ. ಕಂಪ್ಯೂಟರ್ ಡ್ರಮ್ಮಿನ ಸಿನಿಮಾ ಹಾಡು! ತಂಬೂರಿ, ಹಾರ್ಮೋನಿಯಂ, ತಬಲಾ ಇರುವ ಪದಕ್ಕೆ ಅದೇ ಮೇಳದ ಎರಡು ಮೂರು ಹಾಡು ಇಟ್ಟುಕೊಳ್ಳಬೇಕು ಅಲ್ವಾ?

ಆಮೇಲೆ ನಾವೇ ಸರಿ ಮಾಡಿಕೊಂಡೆವು. ರೆಫರೆನ್ಸ್ ಫೈಲನ್ನು ರೀಪರ್ ಪ್ರಾಜೆಕ್ಟ್ ಒಳಗೇ ತಂದು, ಮಾಸ್ಟರ್‌ನ ಕಂಪ್ರೆಸರ್ ತಾಗದಂತೆ ಬೇರೆ ಟ್ರ್ಯಾಕ್‌ನಿಂದ ನೇರ ಔಟ್‌ಪುಟ್‌ಗೆ ಬಿಟ್ಟೆವು. ಮೀಟರ್ ನೋಡಿ ಎರಡರ ಲೌಡ್‌ನೆಸ್ ಸಮ ಮಾಡಿದೆವು, ಯಾಕಂದ್ರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ. ಪ್ರೊಫೈಲನ್ನು `View > Monitoring FX` ಒಳಗೆ ಹಾಕಿದೆವು. ಅಲ್ಲಿದ್ದರೆ ರೆಫರೆನ್ಸ್‌ಗೂ ಮಿಕ್ಸ್‌ಗೂ ಒಂದೇ ಕರೆಕ್ಷನ್, ಮತ್ತು ರೆಂಡರ್ ಮಾಡಿದ ಫೈಲ್‌ಗೆ ಅದು ಸೇರುವುದಿಲ್ಲ. ಅದೇ ಪ್ರೊಫೈಲ್ ಮಾಸ್ಟರ್ ಟ್ರ್ಯಾಕ್‌ನಲ್ಲಿ ಉಳಿದರೆ ಕೇಳುಗರ ಸ್ಪೀಕರ್‌ಗೆ ನಿಮ್ಮ ಹೆಡ್‌ಫೋನಿನ ಮದ್ದು ಕುಡಿಸಿದಂತೆ. ವಿಂಡೋಸ್‌ನಲ್ಲೂ ಇಟ್ಟು ರೀಪರ್ ಅನ್ನು ಆಸಿಯೋ ಬಿಟ್ಟು ಮಾಮೂಲಿ ಡ್ರೈವರ್‌ನಲ್ಲಿ ಓಡಿಸಿದರೆ ಎರಡು ಸಲ ಕೂಡುತ್ತದೆ. ಒಂದೇ ಕಡೆ ಇರಲಿ.

ಮಾಸ್ಟರ್‌ನ ಆ 5 ಡಿಬಿ ತೆಗೆದಾಗ ಡಗ್ಗಾ ತನ್ನ ಜಾಗಕ್ಕೆ ಬಂತು. ಪೂರ್ತಿ ಅಲ್ಲ. ಪ್ರೊಫೈಲ್ ಅಳೆದದ್ದು ಅದೇ ಮಾಡೆಲ್‌ನ ಬೇರೊಂದು ಹೆಡ್‌ಫೋನ್‌ನಲ್ಲಿ. ಕಿವಿ ಮೆತ್ತೆ ಸವೆದಿದ್ದರೆ ಬಾಸ್ ಬದಲಾಗುತ್ತದೆ, 8 ಕಿಲೋಹರ್ಟ್ಸ್ ಆಚೆಯ ತಿದ್ದುಪಡಿಯನ್ನಂತೂ ಅಷ್ಟಾಗಿ ನಂಬಲಾಗದು. ಅದಕ್ಕೇ ಅಕ್ಕನ "ಸ" ಅಕ್ಷರಗಳನ್ನು ಮತ್ತೆ ಕಾರಿನಲ್ಲಿ ಕೇಳಿಯೇ ತಿದ್ದಿದೆವು.

ಠಾಣೆಯವರು ಮುಂಗಡ ವಾಪಸ್ ಕೊಡಲಿಲ್ಲ, "ನಿಮ್ಮ ಕಾರಿನ ಸ್ಪೀಕರೇ ಸರಿ ಇಲ್ರಿ" ಅಂದರು. ನೀವು ಯಾರಿಗಾದರೂ ಕೊಡುವ ಮುಂಚೆ, ರೆಫರೆನ್ಸ್ ಮತ್ತು ಮಿಕ್ಸ್ ಎರಡೂ ಒಂದೇ ದಾರಿಯಲ್ಲಿ ಹೋಗುತ್ತವಾ, ಪ್ರೊಫೈಲ್ ಎಲ್ಲಿದೆ ಅಂತ ಕೇಳಿ. "ಯೂಟ್ಯೂಬ್‌ನಲ್ಲಿ ಹಾಕಿ ನೋಡ್ತೀನಿ" ಅಂದರೆ ಅವರ ಸ್ಕ್ರೀನ್ ಮುಂದೆ ಕೂತು ಆ -40 ಪರೀಕ್ಷೆ ಮಾಡಿಸಿ, ಮುಂಗಡದ ಮಾತು ಆಮೇಲೆ.